ಯಾರೂ ಓಡಾಡದೆ ಹೊತ್ತಿಕೊಳ್ಳುವ ಪ್ಯಾಸೇಜ್ ಲೈಟು: ದೋಷ ಎಲ್ಲಿದೆ ಅಂತ ಹುಡುಕುವುದು ಹೇಗೆ

ಅಂಕೋಲೆ ಕಡೆಯ ಒಂದು ಹಂಚಿನ ಮನೆ. ಹಾಲ್‌ನಿಂದ ಹಿಂದಿನ ಬಚ್ಚಲುಮನೆಯವರೆಗೆ ಉದ್ದಕ್ಕೆ ಒಂದು ಪ್ಯಾಸೇಜ್, ಸುಮಾರು 28 ಅಡಿ. ಆ ಮನೆಯ ಅಕ್ಕೋರು ರಿಟೈರ್ ಆದ ಟೀಚರ್. ರಾತ್ರಿ ಎರಡು ಮೂರು ಸಲ ಏಳುತ್ತಾರೆ, ಸ್ವಿಚ್ ಇರುವುದು ಹಾಲ್ ತುದಿಯಲ್ಲಿ. ಕತ್ತಲಲ್ಲಿ ಗೋಡೆ ತಡವಿಕೊಂಡು ಹೋಗುವುದು ಬೇಡ ಅಂತ ಅವರ ಮಗ, ಯಾರಾದರೂ ನಡೆದರೆ ತಾನಾಗಿ ಲೈಟು ಹೊತ್ತಿಸುವ ಸೆನ್ಸರ್ ಹಾಕಿಸಿದರು. ಹಾಕಿದ್ದು ನಾನೇ. ಮೂರು ವಾರ ಚೆನ್ನಾಗಿತ್ತು. ಮಳೆಗಾಲ ಶುರುವಾಗಿ ಸ್ವಲ್ಪ ದಿನಕ್ಕೆ ಫೋನ್ ಬಂತು.

"ತಮ್ಮಾ, ನೀ ಹಾಕಿದ ಲೈಟಿಗೆ ಏನೋ ಆಗದೆ. ಯಾರೂ ಇಲ್ದೇ ಇದ್ರೂ ಹೊತ್ತುತ್ತದೆ, ಆಮೇಲೆ ತಾನೇ ಆರ್ತದೆ. ರಾತ್ರಿ ಎಷ್ಟು ಸಲ ಅಂತ ಎಣಿಸೂದು?"

ಇಂಥ ಕಂಪ್ಲೇಂಟ್ ಬಂದಾಗ ಹೆಚ್ಚಿನವರು ಮಾಡುವುದು ಒಂದೇ ಕೆಲಸ, ಸೆನ್ಸರ್ ಬದಲಾಯಿಸುವುದು. ನಾನೂ ಮೊದಲ ಸಲ ಹೋದಾಗ ಹತ್ತಿರ ಹತ್ತಿರ ಅದನ್ನೇ ಮಾಡಿದೆ. ಲೆನ್ಸ್ ಒರೆಸಿದೆ, ಅದರ ಬುಡದಲ್ಲಿದ್ದ ಜೇಡರ ಬಲೆ ತೆಗೆದೆ, ಸೆನ್ಸಿಟಿವಿಟಿ ನಾಬ್ ಸ್ವಲ್ಪ ಕಡಿಮೆ ಮಾಡಿದೆ. "ಹಲ್ಲಿ ಓಡಾಡಿರಬೇಕು ಅಕ್ಕೋರೇ" ಅಂದು ಬಂದುಬಿಟ್ಟೆ. ಎರಡು ದಿನಕ್ಕೆ ಮತ್ತೆ ಫೋನ್. ಎರಡನೇ ಸಲ ಹೋದಾಗ ಮಾತ್ರ ಊಹೆ ಬಿಟ್ಟು ಒಂದೊಂದಾಗಿ ನೋಡಿದೆ. ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇದರಲ್ಲಿ ಕೆಲವನ್ನು ಮನೆಯವರೇ ನೋಡಬಹುದು. ಪೆಟ್ಟಿಗೆ ಬಿಚ್ಚಿ ಮೀಟರ್ ಹಿಡಿಯುವ ಕೆಲಸ ಮಾತ್ರ ವೈರಿಂಗ್ ಗೊತ್ತಿದ್ದವರಿಗೆ ಬಿಡಿ.

ಮೊದಲು ಅದರ ವೈರಿಂಗ್

ದೋಷ ಹುಡುಕುವ ಮುಂಚೆ ಏನು ಎಲ್ಲಿಗೆ ಹೋಗಿದೆ ಅಂತ ತಲೆಯಲ್ಲಿರಬೇಕು. ಮನೆಗೆ ಹಾಕುವ ಸಾಮಾನ್ಯ ಪಿಐಆರ್ ಸೆನ್ಸರ್‌ಗೆ ಮೂರು ವೈರ್. ಕಂದು ಬಣ್ಣದ್ದು ಫೇಸ್, ನೀಲಿ ನ್ಯೂಟ್ರಲ್, ಕೆಂಪು ಲೈಟಿಗೆ ಹೋಗುವ ಔಟ್‌ಪುಟ್. ಕಂದು ಮತ್ತು ನೀಲಿ ಸೆನ್ಸರ್‌ನ ಸ್ವಂತ ಊಟ, ಅವು 24 ಗಂಟೆಯೂ ಬೇಕು. ಒಳಗಿನ ರಿಲೇ ಕಂದನ್ನೂ ಕೆಂಪನ್ನೂ ಕೂಡಿಸಿದಾಗ ಲೈಟು ಹೊತ್ತುತ್ತದೆ. ಲೈಟಿನ ಇನ್ನೊಂದು ತುದಿ ನೇರ ನ್ಯೂಟ್ರಲ್‌ಗೆ ಹೋಗಿರುತ್ತದೆ.

ನಮ್ಮ ಕಡೆ ಎಡವಟ್ಟಾಗುವುದು ಬಣ್ಣದಲ್ಲಿ. ನಮ್ಮ ಮನೆಗಳಲ್ಲಿ ಕೆಂಪು ಅಂದರೆ ಫೇಸ್, ಕಪ್ಪು ನ್ಯೂಟ್ರಲ್. ಸೆನ್ಸರ್‌ನ ಕೆಂಪು ನೋಡಿ ಮನೆಯ ಕೆಂಪಿಗೆ ಕೂಡಿಸಿದರೆ ಸೆನ್ಸರ್‌ಗೆ ಕರೆಂಟೇ ಸಿಗುವುದಿಲ್ಲ, ಯಾವ ಜೀವವೂ ಕಾಣುವುದಿಲ್ಲ. ಬಣ್ಣ ನಂಬುವುದಕ್ಕಿಂತ ಸೆನ್ಸರ್ ಮೇಲೆ ಅಂಟಿಸಿದ ಚಿತ್ರ ನೋಡಿ ಕೂಡಿಸುವುದು ಒಳ್ಳೆಯದು. ಅಕ್ಕೋರ ಮನೆಯಲ್ಲಿ ಈ ತಪ್ಪು ಇರಲಿಲ್ಲ. ಮೂರು ವಾರ ಸರಿಯಾಗಿ ನಡೆದ ಮೇಲೆ ಕೆಟ್ಟರೆ ಜೋಡಣೆ ಅದಲುಬದಲಾಗಿದೆ ಅಂತ ಅನುಮಾನಿಸುವ ಅಗತ್ಯ ಇಲ್ಲ. ಜೋಡಣೆಯ ತಪ್ಪು ಮೊದಲ ದಿನವೇ ಗೊತ್ತಾಗುತ್ತದೆ.

ಫೇಸ್ ಮತ್ತು ಕೆಂಪಿನ ನಡುವೆ ಒಂದು ಮಾಮೂಲಿ ಸ್ವಿಚ್ ಹಾಕಿದ್ದೆ. ಅದು ಆನ್ ಇದ್ದರೆ ಸೆನ್ಸರ್ ಏನೇ ಹೇಳಲಿ, ಲೈಟು ಹೊತ್ತೇ ಇರುತ್ತದೆ. ದೋಷ ಹುಡುಕುವಾಗ ಇಂಥ ಸ್ವಿಚ್ ಆಫ್ ಇದೆಯಾ ಅಂತ ಮೊದಲು ನೋಡಿ. ಒಮ್ಮೆ ಕುಮಟೆಯಲ್ಲಿ ಬರೀ ಇಷ್ಟಕ್ಕೇ ಹೋಗಿ ಬಂದಿದ್ದೇನೆ, ಪೆಟ್ರೋಲ್ ದುಡ್ಡು ಕೇಳಲೂ ಮುಜುಗರ ಆಯಿತು.

ರಟ್ಟಿನ ಪರೀಕ್ಷೆ

ತಾನಾಗಿ ಹೊತ್ತುವ ಲೈಟಿಗೆ ಎರಡೇ ದಾರಿ. ಒಂದೋ ಸೆನ್ಸರ್‌ನ ಕಣ್ಣಿಗೆ ಏನೋ ಕಾಣುತ್ತಿದೆ, ಇಲ್ಲವೇ ಕಣ್ಣಿಗೆ ಏನೂ ಕಾಣದೆಯೂ ಅದು ಕೆರಳುತ್ತಿದೆ. ಇವೆರಡನ್ನು ಬೇರೆ ಮಾಡಲು ಒಂದು ರಟ್ಟಿನ ತುಂಡು ಸಾಕು.

ಪಿಐಆರ್ ಸೆನ್ಸರ್ ಚಲನೆಯನ್ನು ನೋಡುವುದಿಲ್ಲ, ಬಿಸಿಯ ಬದಲಾವಣೆಯನ್ನು ನೋಡುತ್ತದೆ. ಮೈಯಿಂದ ಹೊರಡುವ ಬಿಸಿ ಒಂದು ಪಟ್ಟಿಯಿಂದ ಇನ್ನೊಂದು ಪಟ್ಟಿಗೆ ದಾಟಿದಾಗ ಅದಕ್ಕೆ ಯಾರೋ ಬಂದರು ಅಂತ ಗೊತ್ತಾಗುತ್ತದೆ. ಹೊರಗಿನ ಬಿಳಿ ಗುಮ್ಮಟ ಆ ಪಟ್ಟಿಗಳನ್ನು ಮಾಡುವ ಲೆನ್ಸ್. ಹಾಗಾಗಿ ಲೆನ್ಸ್ ಮೇಲೆ ದಪ್ಪ ರಟ್ಟು ಮುಚ್ಚಿ ಸುತ್ತಲೂ ಟೇಪ್ ಹಾಕಿದರೆ ಸೆನ್ಸರ್ ಕುರುಡಾಗುತ್ತದೆ. ತೆಳು ಪ್ಲಾಸ್ಟಿಕ್ ಚೀಲ ಕಟ್ಟಬೇಡಿ, ಬಿಸಿ ಅದರೊಳಗಿಂದ ಹಾದುಹೋಗುತ್ತದೆ.

ಮುಚ್ಚಿದ ಮೇಲೆ ಲೈಟು ಹೊತ್ತುವುದು ನಿಂತರೆ ಕಾರಣ ಪ್ಯಾಸೇಜ್‌ನಲ್ಲೇ ಇದೆ. ಲೆನ್ಸ್ ಮೇಲೆ ಕೂರುವ ಹಲ್ಲಿ, ಕಿಟಕಿ ಗಾಳಿಗೆ ಹಾರುವ ಪರದೆ, ಬಚ್ಚಲೊಲೆಯ ಬಿಸಿ, ಬೆಕ್ಕು. ಸೆನ್ಸರ್‌ಗೆ ತೀರಾ ಹತ್ತಿರ ಲೈಟು ಇದ್ದರೆ ಅದು ಆರಿ ತಣ್ಣಗಾಗುವುದೇ ಸೆನ್ಸರ್‌ಗೆ ಬದಲಾವಣೆಯಾಗಿ ಕಂಡು ಮತ್ತೆ ಹೊತ್ತಿಸುವುದೂ ಉಂಟು. ಆಗ ಲೈಟು ಆರಿ ಎರಡು ಮೂರು ಸೆಕೆಂಡಿಗೇ ಮತ್ತೆ ಹೊತ್ತುತ್ತದೆ, ರಾತ್ರಿಯಿಡೀ ಇದೇ ಆಟ. ಇದಕ್ಕೆಲ್ಲ ಮದ್ದು ಸೆನ್ಸರ್‌ನ ಜಾಗ ಬದಲಿಸುವುದು, ಇಲ್ಲವೇ ಲೆನ್ಸ್‌ನ ಒಂದು ಬದಿಗೆ ಒಳಗಿಂದ ಟೇಪ್ ಅಂಟಿಸಿ ಆ ದಿಕ್ಕು ಮುಚ್ಚುವುದು.

ಇಲ್ಲಿ ಒಂದು ಮಾತು. ಸೆನ್ಸರ್ ಕೆಲಸ ಮಾಡುವುದು ಮೈಯ ಬಿಸಿಗೂ ಗೋಡೆಯ ಬಿಸಿಗೂ ಇರುವ ವ್ಯತ್ಯಾಸದ ಮೇಲೆ. ಮೇ ತಿಂಗಳ ಕಾರವಾರದಲ್ಲಿ ಆ ವ್ಯತ್ಯಾಸ ಕಡಿಮೆ, ಅದು ಮಂಕಾಗುತ್ತದೆ. ಅದೇ ಸೆನ್ಸರ್ ಡಿಸೆಂಬರ್‌ನ ಶಿರಸಿಯಲ್ಲಿ ದೂರದಿಂದಲೇ ಹಿಡಿಯುತ್ತದೆ. ಬೇಸಿಗೆಯಲ್ಲಿ ಸೆಟ್ ಮಾಡಿದ ಸೆನ್ಸಿಟಿವಿಟಿ ಚಳಿಗಾಲಕ್ಕೆ ಜಾಸ್ತಿಯಾಗಬಹುದು.

ಅಕ್ಕೋರ ಮನೆಯಲ್ಲಿ ನನಗೆ ಫ್ರಿಜ್ ಮೇಲೇ ಅನುಮಾನ ಇತ್ತು. ಪ್ಯಾಸೇಜ್‌ನ ನಡುವೆ, ಅಡುಗೆಮನೆ ಬಾಗಿಲ ಪಕ್ಕದಲ್ಲಿ ಫ್ರಿಜ್ ನಿಂತಿದೆ. ಅದರ ಬೆನ್ನಿನಿಂದ ಏಳುವ ಬಿಸಿಗಾಳಿ ಸೀದಾ ಸೆನ್ಸರ್ ಕಡೆಗೇ ಹೋಗುತ್ತಿತ್ತು. ಸಿಕ್ಕಿತು ಕಳ್ಳ ಅಂದುಕೊಂಡು ರಟ್ಟು ಮುಚ್ಚಿ, ಚಹ ಕುಡಿಯುತ್ತಾ ಕೂತೆ.  ಹತ್ತು ನಿಮಿಷ ಏನೂ ಇಲ್ಲ. ಆಮೇಲೆ ಲೈಟು ಹೊತ್ತಿತು. ರಟ್ಟು ಮುಚ್ಚಿದ ಹಾಗೇ ಇತ್ತು.

ಅಂದರೆ ಕಣ್ಣಿನದು ಏನೂ ತಪ್ಪಿಲ್ಲ. ನೋಡಬೇಕಾದದ್ದು ಕರೆಂಟಿನ ಕಡೆ.

ವಾಚ್ ಹಿಡಿದು ನೋಡಿ

ಈ ಹಂತದಲ್ಲಿ ಸೆನ್ಸರ್ ಬಿಚ್ಚಲು ಕೈ ತುರಿಸುತ್ತದೆ. ತಡೆಯಿರಿ. ಲೈಟು ಎಷ್ಟು ಹೊತ್ತು ಉರಿಯುತ್ತದೆ ಅಂತ ಅಳೆಯುವುದು ಪುಕ್ಕಟೆ ಪರೀಕ್ಷೆ, ಅದು ಹೇಳುವಷ್ಟು ಬೇರೆ ಯಾವುದೂ ಹೇಳುವುದಿಲ್ಲ.

ಸೆನ್ಸರ್‌ನಲ್ಲಿ ಟೈಮ್ ನಾಬ್ ಇರುತ್ತದೆ. ನಾನು ಸುಮಾರು ಎರಡು ನಿಮಿಷಕ್ಕೆ ಇಟ್ಟಿದ್ದೆ. ರಟ್ಟು ತೆಗೆದು ಮುಂದೆ ನಡೆದು ಹೋಗಿ ವಾಚ್ ನೋಡಿದೆ, 2 ನಿಮಿಷ 10 ಸೆಕೆಂಡಿಗೆ ಆರಿತು. ಮತ್ತೆ ರಟ್ಟು ಮುಚ್ಚಿ, ತಾನಾಗಿ ಹೊತ್ತುವುದನ್ನು ಕಾದೆ. ಈ ಸಲ 35 ಸೆಕೆಂಡಿಗೇ ಆರಿತು. ಇನ್ನೊಮ್ಮೆ ಹೊತ್ತಿದಾಗಲೂ 35ರ ಆಸುಪಾಸು.

ಸೆನ್ಸರ್ ಯಾರನ್ನೋ ಕಂಡಿದ್ದರೆ ಎರಡು ನಿಮಿಷ ಉರಿಯಬೇಕಿತ್ತು. ಹಾಗಾದರೆ ಈ 35 ಸೆಕೆಂಡ್ ಎಲ್ಲಿಂದ ಬಂತು? ಮೇನ್ ಆಫ್ ಮಾಡಿ ಮತ್ತೆ ಆನ್ ಮಾಡಿದೆ. ಲೈಟು ಹೊತ್ತಿತು, 35 ಸೆಕೆಂಡಿಗೆ ಆರಿತು. ಹೊಸದಾಗಿ ಕರೆಂಟ್ ಬಂದಾಗ ಇಂಥ ಸೆನ್ಸರ್‌ಗೆ ಸುಧಾರಿಸಿಕೊಳ್ಳಲು ಅರ್ಧ ನಿಮಿಷದಷ್ಟು ಬೇಕು. ಆ ಹೊತ್ತಿನಲ್ಲಿ ಹಲವು ಮಾದರಿಗಳು ಲೈಟನ್ನು ಹೊತ್ತಿಸಿ ಇಡುತ್ತವೆ. ಅಕ್ಕೋರ ಮನೆಯದ್ದೂ ಅದೇ ಜಾತಿ.

ಸೆನ್ಸರ್‌ಗೆ ರಾತ್ರಿ ಹತ್ತು ಹದಿನೈದು ಸಲ ಕರೆಂಟ್ ಹೋಗಿ ಬರುತ್ತಿದೆ ಅಂತಾಯಿತು. ಆದರೆ ಮನೆಯಲ್ಲಿ ಯಾರಿಗೂ ಕರೆಂಟ್ ಹೋದದ್ದು ಗೊತ್ತಿಲ್ಲ, ಹಾಲ್‌ನಲ್ಲಿ ಟಿವಿ ನಡೆಯುತ್ತಲೇ ಇತ್ತು. ಹಾಗಾದರೆ ಹೋಗುತ್ತಿರುವುದು ಪ್ಯಾಸೇಜ್‌ನ ಲೈನಿನಲ್ಲಿ ಮಾತ್ರ. ಹಗಲಲ್ಲೂ ಹೀಗೇ ಆಗುತ್ತಿದ್ದಿರಬೇಕು, ಬೆಳಕಿನಲ್ಲಿ ಯಾರು ಗಮನಿಸುತ್ತಾರೆ?

ನಿಮ್ಮ ಮನೆಯಲ್ಲಿ ಅಳೆದಾಗ ಟೈಮ್ ನಾಬ್‌ನಷ್ಟೇ ಹೊತ್ತು ಉರಿದರೆ ಕತೆ ಬೇರೆ. ಆಗ ಸೆನ್ಸರ್ ರೀಸೆಟ್ ಆಗುತ್ತಿಲ್ಲ, ಸುಳ್ಳು ಸಂಕೇತಕ್ಕೆ ಮೋಸ ಹೋಗುತ್ತಿದೆ. ಅದೇ ಲೈನಿನ ಎಕ್ಸಾಸ್ಟ್ ಫ್ಯಾನೋ ಪಂಪೋ ಆಫ್ ಆಗುವಾಗಿನ ಕಿಡಿಯಿಂದ ಹಾಗಾಗುತ್ತದೆ. ಇನ್ನು ಸೆನ್ಸರ್ ಒಳಗಿಂದ ಕಟಕಟ ಅಂತ ಸದ್ದು ಬಂದು ಲೈಟು ಪಟಪಟ ಹೊಡೆದುಕೊಂಡರೆ ಅದು ಕಡಿಮೆ ವೋಲ್ಟೇಜ್ ಇರಬಹುದು, ಇಲ್ಲವೇ ಸೆನ್ಸರ್ ಒಳಗಿನ ಕೆಪಾಸಿಟರ್ ಸೋತಿರಬಹುದು. ಅಗ್ಗದ ಸೆನ್ಸರ್‌ನಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ, ಒಂದು ಕೆಪಾಸಿಟರ್ ಮೂಲಕವೇ ಅದರ ಊಟ ಬರುತ್ತದೆ. ಅದು ವರ್ಷಗಳ ಮೇಲೆ ಸವೆದರೆ ರಿಲೇ ಹಿಡಿದುಕೊಳ್ಳುವಷ್ಟು ಶಕ್ತಿ ಉಳಿಯುವುದಿಲ್ಲ. ಮೀಟರ್‌ನಲ್ಲಿ 210–230 ಸ್ಥಿರವಾಗಿದ್ದೂ ಕಟಕಟ ಅಂದರೆ ಆಗ ಸೆನ್ಸರ್ ಬದಲಾಯಿಸಿ.

ಹಳೇ ಬಲ್ಬೇ ಸಾಕ್ಷಿ

ಪ್ಯಾಸೇಜ್‌ನ ಸ್ವಿಚ್ ಬಾಕ್ಸ್‌ನಲ್ಲಿ, ಸೆನ್ಸರ್‌ಗೆ ಕರೆಂಟ್ ತೆಗೆದುಕೊಂಡ ಜಾಗದಲ್ಲೇ ಒಂದು 40 ವಾಟ್‌ನ ಹಳೇ ಫಿಲಮೆಂಟ್ ಬಲ್ಬನ್ನು ಹೋಲ್ಡರ್ ಸಮೇತ ಕೂಡಿಸಿದೆ. ಎಲ್‌ಇಡಿ ಬಲ್ಬು ಇದಕ್ಕೆ ಬರುವುದಿಲ್ಲ. ಬಹಳಷ್ಟು ಎಲ್‌ಇಡಿ ಬಲ್ಬು ವೋಲ್ಟೇಜ್ ನೂರೈವತ್ತಕ್ಕೆ ಇಳಿದರೂ ಏನೂ ಆಗದವರ ಹಾಗೆ ಉರಿಯುತ್ತವೆ. ಫಿಲಮೆಂಟ್ ಬಲ್ಬಿಗೆ ಆ ನಾಟಕ ಬರುವುದಿಲ್ಲ, ವೋಲ್ಟೇಜ್ ಸ್ವಲ್ಪ ಬಿದ್ದರೂ ಮುಖ ಬಾಡುತ್ತದೆ. ನನ್ನ ಚೀಲದಲ್ಲಿ ಯಾವಾಗಲೂ ಒಂದು ಇರುತ್ತದೆ.

ಬಲ್ಬು ನೋಡುತ್ತಾ ಕೂತೆ. ಸ್ವಲ್ಪ ಹೊತ್ತಿಗೆ ಫ್ರಿಜ್ ಗುಂಯ್ ಅಂದಿತು. ಬಲ್ಬು ಮಂಕಾಯಿತು. ಮಂಕಾಗಿ ಹಾಗೇ ನಿಲ್ಲಲಿಲ್ಲ, ಗಾಳಿಗೆ ಸಿಕ್ಕ ದೀಪದ ಹಾಗೆ ತುಯ್ದಾಡಿತು. ಒಂದೆರಡು ಕ್ಷಣ ಪೂರ್ತಿ ಆರಿಯೇ ಹೋಯಿತು. ಏಳೆಂಟು ಸೆಕೆಂಡ್ ಕಳೆದ ಮೇಲೆ ಫ್ರಿಜ್ ಹಿಂದೆ ಟಕ್ ಅಂತ ಸದ್ದು, ಗುಂಯ್ ನಿಂತಿತು, ಬಲ್ಬು ಮೊದಲಿನ ಹಾಗೆ ಬೆಳಗಿತು. ಅದರ ಜೊತೆಗೇ ಪ್ಯಾಸೇಜ್ ಲೈಟು ಹೊತ್ತಿತು.

ಆಗ ನಾನು ಕೇಳಿದೆ, "ಅಕ್ಕೋರೇ, ಫ್ರಿಜ್ ಸರಿ ತಂಪಾಗ್ತದಾ?"

"ಎಲ್ಲಿ ತಂಪು? ಮೊನ್ನೆ ಹಾಲು ಒಡೆದು ಹೋಯ್ತು. ಹಳತಾಯ್ತು, ಬೇರೆ ತರ್ಬೇಕು ಅಂತ ಮಗ ಹೇಳ್ತಿದ್ದ."

ಸೆನ್ಸರ್ ಕಂಪ್ಲೇಂಟಿಗೆ ಹೋದವನು ಹಾಲಿನ ವಿಷಯ ಕೇಳುವುದಿಲ್ಲ, ಅವರೂ ಹೇಳುವುದಿಲ್ಲ. ಆದರೆ ಎರಡೂ ಒಂದೇ ಕಾಯಿಲೆ. ಕಂಪ್ರೆಸರ್ ಎದ್ದು ನಿಲ್ಲಲು ನೋಡುತ್ತಿತ್ತು, ವೋಲ್ಟೇಜ್ ಸಾಲದೆ ಏಳಲಾಗದೆ ಗುಂಯ್‌ಗುಟ್ಟುತ್ತಿತ್ತು. ಅಲ್ಲಿರುವ ಓವರ್‌ಲೋಡ್ ಅನ್ನುವ ರಕ್ಷಣೆಯ ಸ್ವಿಚ್ ಬಿಸಿಯಾಗಿ ಟಕ್ ಅಂತ ಕರೆಂಟ್ ಬಿಡಿಸುತ್ತಿತ್ತು. ಕೆಲವು ನಿಮಿಷ ತಣ್ಣಗಾಗಿ ಮತ್ತೆ ಅದೇ ಪ್ರಯತ್ನ. ಕೆಲವೊಮ್ಮೆ ಏಳುತ್ತಿತ್ತು, ಕೆಲವೊಮ್ಮೆ ಇಲ್ಲ. ಪ್ರತಿ ಸಲವೂ ಸೆನ್ಸರ್ ಸತ್ತು ಹುಟ್ಟುತ್ತಿತ್ತು.

ಇದಕ್ಕೆ ಮಳೆಗಾಲದ ಲೋ ವೋಲ್ಟೇಜ್ ಅಂತ ಹೆಸರಿಟ್ಟು ಸ್ಟೆಬಿಲೈಸರ್ ಮಾರಿ ಬರುವವರೂ ಇದ್ದಾರೆ. ಹೊರಗಿನ ಲೈನಿನದೇ ತಪ್ಪೋ ಮನೆಯೊಳಗಿನದೋ ಅಂತ ತಿಳಿಯಲು ಎರಡು ಕಡೆ ಅಳೆಯಬೇಕು.

ಮೂರು ಅಳತೆ

ಅಕ್ಕೋರ ಮಗನನ್ನು ಪ್ಯಾಸೇಜ್‌ನಲ್ಲಿ ನಿಲ್ಲಿಸಿ, ಫ್ರಿಜ್ ಗುಂಯ್ ಅಂದ ಕೂಡಲೇ ಕೂಗಲು ಹೇಳಿದೆ. ನಾನು ಮೇನ್ ಬೋರ್ಡಿನಲ್ಲಿ ಮಲ್ಟಿಮೀಟರ್ ಹಿಡಿದೆ. ಫ್ರಿಜ್ ಒದ್ದಾಡುವಾಗಲೂ ಅಲ್ಲಿ 212ರಿಂದ 208ಕ್ಕೆ ಇಳಿದದ್ದು ಬಿಟ್ಟರೆ ಏನೂ ಇಲ್ಲ. ಹೊರಗಿನಿಂದ ಬರುವ ಕರೆಂಟ್ ಸರಿ ಇತ್ತು. ಆಮೇಲೆ ಅದೇ ಮೀಟರ್ ಹಿಡಿದು ಪ್ಯಾಸೇಜ್‌ನ ಬಾಕ್ಸಿಗೆ ಬಂದೆ. ಮುಂದಿನ ಒದ್ದಾಟಕ್ಕೆ ಕಾಯಬೇಕಾಯಿತು. ಒಂದೊಂದು ಸಲಕ್ಕೆ ಒಂದೊಂದು ಅಳತೆ ಸಿಕ್ಕಿತು, ಅಂಕಿ ಕುಣಿಯುತ್ತಿದ್ದರೂ ಹೆಚ್ಚಾಗಿ ನಿಂತದ್ದು ಹೀಗೆ.

ಫೇಸ್ ಮತ್ತು ನ್ಯೂಟ್ರಲ್ ನಡುವೆ 130. ಫೇಸ್ ಮತ್ತು ಅರ್ಥ್ ನಡುವೆ 208. ನ್ಯೂಟ್ರಲ್ ಮತ್ತು ಅರ್ಥ್ ನಡುವೆ 95.

ಈ ಮೂರನೆಯದ್ದೇ ಕಳ್ಳನ ವಿಳಾಸ. ಅರ್ಥಿಂಗ್ ಸರಿ ಇರುವ ಮನೆಯಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದೆರಡು ವೋಲ್ಟ್ ಇರುತ್ತದೆ, ಅಷ್ಟೇ. ಫ್ರಿಜ್ ಸುಮ್ನೆ ಇದ್ದಾಗ ಇಲ್ಲೂ ಅಷ್ಟೇ ಇತ್ತು. ಲೋಡ್ ಬಿದ್ದಾಗ ಮಾತ್ರ 95ಕ್ಕೆ ಏರಿತು ಅಂದರೆ, ಮೇನ್ ಬೋರ್ಡಿಗೂ ಈ ಬಾಕ್ಸಿಗೂ ನಡುವೆ ಎಲ್ಲೋ ನ್ಯೂಟ್ರಲ್ ವೈರಿನ ಕೂಡು ಸಡಿಲ ಇದೆ. ಫೇಸ್ ವೈರಿನಲ್ಲಿ ದೋಷ ಇದ್ದಿದ್ದರೆ ಫೇಸ್ ಮತ್ತು ಅರ್ಥ್ ನಡುವಿನ 208 ಬೀಳುತ್ತಿತ್ತು, ನ್ಯೂಟ್ರಲ್ ತಣ್ಣಗೆ ಇರುತ್ತಿತ್ತು.

ಕೂಡಿ ನೋಡುವವರಿಗೆ ಒಂದು ಪ್ರಶ್ನೆ ಬರಬಹುದು. 130ಕ್ಕೆ 95 ಸೇರಿಸಿದರೆ 225, 208 ಅಲ್ವಲ್ಲ? ಮೋಟರ್ ಇರುವ ಕಡೆ ಹೀಗೇ. ಮೋಟರ್‌ನ ವೋಲ್ಟೇಜೂ ಸಡಿಲ ಕೂಡಿನ ವೋಲ್ಟೇಜೂ ಒಂದೇ ಹೊತ್ತಿಗೆ ಏರಿಳಿಯುವುದಿಲ್ಲ, ಹಾಗಾಗಿ ಸೀದಾ ಕೂಡುವ ಲೆಕ್ಕ ಹತ್ತುವುದಿಲ್ಲ. ಮೀಟರ್ ಕೆಟ್ಟಿಲ್ಲ.

ಕ್ಲಾಂಪ್ ಮೀಟರ್‌ನಲ್ಲಿ ಆಗ ಸುಮಾರು 5 ಆಂಪಿಯರ್ ತೋರಿಸಿತು. 95 ವೋಲ್ಟ್, 5 ಆಂಪಿಯರ್. ಗುಣಿಸಿದರೆ 475 ವಾಟ್. ಕಾಯಿಸಿದ ಇಸ್ತ್ರಿ ಪೆಟ್ಟಿಗೆಯ ಅರ್ಧದಷ್ಟು ಬಿಸಿ, ಕಡಲೆಕಾಳಿನಷ್ಟು ದೊಡ್ಡ ಒಂದು ಕೂಡಿನಲ್ಲಿ, ಪ್ರತಿ ಸಲ ಏಳೆಂಟು ಸೆಕೆಂಡ್. ಅದೂ ಮರದ ಜಂತಿಗಳಿರುವ ಮಾಡಿನ ಕೆಳಗೆ. ಆ ಲೆಕ್ಕ ಹಾಕಿದ ಮೇಲೆ ನಾನು ಮೊದಲು ಮಾಡಿದ ಕೆಲಸ ಫ್ರಿಜ್ ಪ್ಲಗ್ ಕಿತ್ತದ್ದು.

"ಎಂಸಿಬಿ ಯಾಕೆ ಬೀಳಲಿಲ್ಲ?" ಅಂತ ಮಗ ಕೇಳಿದರು. ಎಂಸಿಬಿ ನೋಡುವುದು ಕರೆಂಟ್ ಜಾಸ್ತಿಯಾಯಿತೇ ಅಂತ. ಸಡಿಲ ಕೂಡು ದಾರಿಗೆ ಅಡ್ಡ ನಿಂತು ಕರೆಂಟನ್ನು ಕಡಿಮೆಯೇ ಮಾಡುತ್ತದೆ. ಎಂಸಿಬಿ ಪಾಲಿಗೆ ಎಲ್ಲವೂ ಸರಿಯಾಗಿಯೇ ಇದೆ. ಆರ್‌ಸಿಸಿಬಿ ಇದ್ದರೂ ಬೀಳುತ್ತಿರಲಿಲ್ಲ, ಯಾಕೆಂದರೆ ಕರೆಂಟ್ ಎಲ್ಲಿಗೂ ಸೋರುತ್ತಿಲ್ಲ, ಹೋದದ್ದೆಲ್ಲ ಅದೇ ದಾರಿಯಲ್ಲಿ ವಾಪಸ್ ಬರುತ್ತಿದೆ.

ಇಂಥ ಮನೆಯಲ್ಲಿ ನ್ಯೂಟ್ರಲ್ ವೈರನ್ನು ಕಪ್ಪು ಅಂತ ನಂಬಿ ಮುಟ್ಟಬೇಡಿ. ಕೂಡು ಪೂರ್ತಿ ಬಿಟ್ಟ ಕ್ಷಣದಲ್ಲಿ ಫ್ರಿಜ್ ಮೂಲಕ ಫೇಸ್ ಸೀದಾ ಆ ಕಪ್ಪು ವೈರಿಗೆ ಬಂದು ನಿಂತಿರುತ್ತದೆ. ಟೆಸ್ಟರ್ ಒಮ್ಮೊಮ್ಮೆ ನ್ಯೂಟ್ರಲ್‌ನಲ್ಲೂ ಹೊತ್ತಿದರೆ ಅದೇ ಗುರುತು.

ಕೂಡು ಸಿಕ್ಕಿದ್ದು

ಮೇನ್ ಆಫ್ ಮಾಡಿದೆವು. ಇನ್‌ವರ್ಟರ್ ಇರುವ ಮನೆಯಲ್ಲಿ ಅಷ್ಟೇ ಸಾಲದು. ಮೇನ್ ಬಿದ್ದ ಕೂಡಲೇ ಇನ್‌ವರ್ಟರ್ ಎದ್ದು ಅದೇ ಲೈಟಿನ ಲೈನಿಗೆ ಕರೆಂಟ್ ಕೊಡುತ್ತದೆ, ಅದನ್ನೂ ಆಫ್ ಮಾಡಿ ಬ್ಯಾಟರಿ ಕಡೆಯಿಂದ ಬಿಡಿಸಬೇಕು. ಟೆಸ್ಟರನ್ನು ಮೊದಲು ಕರೆಂಟ್ ಇರುವ ಕಡೆ ಹಚ್ಚಿ ಅದು ಹೊತ್ತುತ್ತದೆ ಅಂತ ಖಾತ್ರಿ ಮಾಡಿಕೊಳ್ಳಿ, ಆಮೇಲೆ ಕೆಲಸದ ಜಾಗದಲ್ಲಿ ನೋಡಿ. ಕೆಟ್ಟ ಟೆಸ್ಟರ್ ಎಲ್ಲ ವೈರಿಗೂ ಕರೆಂಟ್ ಇಲ್ಲ ಅಂತಲೇ ಹೇಳುತ್ತದೆ.

ಮೇನ್ ಬೋರ್ಡಿನಿಂದ ಪೈಪು ಅಟ್ಟದ ಮೇಲೆ ಹೋಗಿ ಪ್ಯಾಸೇಜ್‌ಗೆ ಇಳಿಯುತ್ತದೆ. ನಡುವೆ ಎರಡು ಜಂಕ್ಷನ್ ಬಾಕ್ಸ್. ಮೊದಲನೆಯದ್ದು ಒಣಗಿತ್ತು, ಒಳಗೆ ಎಲ್ಲ ಸರಿ. ಎರಡನೆಯದ್ದರ ಮೇಲೆ ನೋಡಿದರೆ ಒಂದು ಹಂಚು ಬಿರಿದು, ಅಲ್ಲಿಂದ ಹನಿ ಸರಿಯಾಗಿ ಬಾಕ್ಸಿನ ಮುಚ್ಚಳದ ಮೇಲೆ ಬೀಳುತ್ತಿತ್ತು. ಮುಚ್ಚಳದ ಒಂದು ಸ್ಕ್ರೂ ತುಕ್ಕು ಹಿಡಿದು ಅಲ್ಲೇ ಮುರಿಯಿತು. ಒಳಗೆ ಮೂರು ಕಪ್ಪು ವೈರುಗಳನ್ನು ಕೈಯಲ್ಲಿ ತಿರುಚಿ ಟೇಪ್ ಸುತ್ತಿದ್ದರು. ಟೇಪ್ ಕರಗಿ ಬೆಲ್ಲದ ಪಾಕದ ಹಾಗೆ ಅಂಟಂಟಾಗಿತ್ತು. ಬಿಡಿಸಿದಾಗ ತಾಮ್ರ ಕಾಣಲೇ ಇಲ್ಲ, ಹಸಿರು ಕಿಲುಬು. ಗುಡಿಯ ತೊಳೆಯದ ಪೂಜೆ ಪಾತ್ರೆಯಲ್ಲಿ ಕಾಣುವ ಅದೇ ಕಿಲುಬು. ಅದರ ಕೆಳಗೆ ಕಪ್ಪಗೆ ಸುಟ್ಟ ಎಳೆಗಳು. ಮೂರರಲ್ಲಿ ಒಂದು ವೈರು ಎಳೆಯದೇ ಕೈಗೆ ಬಂತು. ಪ್ಯಾಸೇಜ್ ಮತ್ತು ಫ್ರಿಜ್ ಎರಡೂ ಆ ಒಂದೇ ವೈರಿನ ಮೇಲೆ ನಿಂತಿದ್ದವು.

ನಮ್ಮ ಕರಾವಳಿಯ ಗಾಳಿಯಲ್ಲಿ ಉಪ್ಪಿದೆ. ಅದರ ಮೇಲೆ ಮಳೆಯ ಪಸೆ ಬಿದ್ದರೆ ತಾಮ್ರ ಬೇಗ ಕಿಲುಬುಗಟ್ಟುತ್ತದೆ. ಕಿಲುಬಿನಲ್ಲಿ ಕರೆಂಟ್ ಸರಿಯಾಗಿ ಹರಿಯುವುದಿಲ್ಲ, ಕೂಡು ಬಿಸಿಯಾಗುತ್ತದೆ, ಬಿಸಿಯಾಗಿ ತಣ್ಣಗಾಗಿ ಇನ್ನಷ್ಟು ಸಡಿಲವಾಗುತ್ತದೆ. ಬೇಸಿಗೆಯಲ್ಲಿ ಅರೆಬರೆ ಹಿಡಿದುಕೊಂಡಿದ್ದ ಕೂಡು ಮಳೆಗಾಲದ ಹೊತ್ತಿಗೆ ಕೈಕೊಟ್ಟಿತು. ನಾನು ಸೆನ್ಸರ್ ಹಾಕಿದ್ದು ಮೇ ತಿಂಗಳಲ್ಲಿ. ಆಗಲೇ ಈ ಬಾಕ್ಸ್ ಬಿಚ್ಚಿ ನೋಡಿದ್ದರೆ ಗೊತ್ತಾಗುತ್ತಿತ್ತು, ಆದರೆ ಸ್ವಿಚ್ ಬಾಕ್ಸಿನಲ್ಲೇ ಕರೆಂಟ್ ಸಿಕ್ಕಿತಲ್ಲ ಅಂತ ಅಟ್ಟ ಹತ್ತುವ ಗೋಜಿಗೆ ಹೋಗಿರಲಿಲ್ಲ.

ಸರಿ ಮಾಡಿದ್ದು

ಸುಟ್ಟ ತುದಿಗಳನ್ನು ಕೆಂಪು ತಾಮ್ರ ಹೊಳೆಯುವವರೆಗೆ ಹಿಂದಕ್ಕೆ ಕತ್ತರಿಸಿದೆ. ಕಿಲುಬನ್ನು ಉಜ್ಜಿ ಮತ್ತೆ ತಿರುಚಿದರೆ ಮುಂದಿನ ಮಳೆಗೆ ಇದೇ ಕತೆ. ಎರಡು ಇಂಚು ಕತ್ತರಿಸಿದರೂ ಒಂದು ವೈರಿನ ಎಳೆ ಒಳಗೂ ಕಪ್ಪಗಿತ್ತು, ಹಾಗಾಗಿ ಆ ವೈರನ್ನು ಸ್ವಿಚ್ ಬಾಕ್ಸಿನವರೆಗೆ ಹೊಸದಾಗಿ ಎಳೆದೆ, 1.5 ಚದರ ಮಿಲಿಮೀಟರ್ ತಾಮ್ರದ್ದು. ಕೂಡಿಗೆ ಟೇಪ್ ಬದಲು ಸ್ಕ್ರೂ ಇರುವ ಕನೆಕ್ಟರ್ ಹಾಕಿದೆ. ಸ್ಕ್ರೂ ಬಿಗಿದ ಮೇಲೆ ಒಂದೊಂದೇ ವೈರನ್ನು ಎಳೆದು ನೋಡಿದೆ. ಬಾಕ್ಸನ್ನು ಹನಿ ಬೀಳುವ ಜಾಗದಿಂದ ಎರಡು ಅಡಿ ಆಚೆ ಗೋಡೆಗೆ ಸರಿಸಿದೆ. ವೈರುಗಳು ಬಾಕ್ಸಿನ ಕೆಳಗಿನಿಂದ ಒಳಗೆ ಹೋಗುವ ಹಾಗೆ ಇಟ್ಟೆ, ಪೈಪಿನೊಳಗೆ ನೀರು ಇಳಿದು ಬಂದರೂ ಕೂಡಿನ ಮೇಲೆ ಸುರಿಯುವುದಿಲ್ಲ. ಹಂಚನ್ನು ಮಗನೇ ಮರುದಿನ ಬದಲಿಸಿದರು.

ಫ್ರಿಜ್‌ಗೆ ಮೇನ್ ಬೋರ್ಡಿನಿಂದ ಪ್ರತ್ಯೇಕ 2.5ರ ವೈರ್ ಎಳೆದೆ. ಲೈಟಿನ ಲೈನಿನಲ್ಲಿ ಫ್ರಿಜ್ ಇರಬಾರದಿತ್ತು. ಹಳೇ ಮನೆಗಳಲ್ಲಿ ಫ್ರಿಜ್ ಆಮೇಲೆ ಬಂದದ್ದು, ಹತ್ತಿರ ಸಿಕ್ಕ ಪ್ಲಗ್ಗಿಗೆ ಹಾಕಿರುತ್ತಾರೆ.

ಮತ್ತೆ ಅದೇ ಮೂರು ಅಳತೆ. ಹೋಲಿಸಿ ನೋಡಲು ಹೊಸ ಲೈನ್ ಕೊಡುವ ಮುಂಚೆ ಒಮ್ಮೆ ಫ್ರಿಜ್‌ನ್ನು ಹಳೇ ಪ್ಲಗ್ಗಿನಲ್ಲೇ ಓಡಿಸಿದೆ. ಕಂಪ್ರೆಸರ್ ಗುಂಯ್‌ಗುಟ್ಟದೆ ಒಂದೇ ಏಟಿಗೆ ಎದ್ದಿತು. ಏಳುವ ಕ್ಷಣದಲ್ಲಿ ಬಲ್ಬು ಕಣ್ಣು ಮಿಟುಕಿಸಿದಷ್ಟೇ, ಮೀಟರ್ 205ಕ್ಕಿಂತ ಕೆಳಗೆ ಇಳಿಯಲಿಲ್ಲ. ನ್ಯೂಟ್ರಲ್ ಮತ್ತು ಅರ್ಥ್ ನಡುವೆ 2 ವೋಲ್ಟ್. ಆಮೇಲೆ ಹೊಸ ಲೈನಿಗೆ ಹಾಕಿ, ಸೆನ್ಸರ್‌ಗೆ ರಟ್ಟು ಮುಚ್ಚಿ, ಫ್ರಿಜ್ ನಾಲ್ಕು ಸಲ ಹತ್ತಿ ಆರುವವರೆಗೆ ಕೂತೆ. ಪ್ಯಾಸೇಜ್ ಲೈಟು ಒಮ್ಮೆಯೂ ಹೊತ್ತಲಿಲ್ಲ. ಸೆನ್ಸರ್ ಅದೇ ಹಳತು, ಬದಲಿಸಲಿಲ್ಲ. ಮೊದಲ ದಿನ ಕಡಿಮೆ ಮಾಡಿದ್ದ ಸೆನ್ಸಿಟಿವಿಟಿಯನ್ನು ವಾಪಸ್ ಮೊದಲಿನ ಜಾಗಕ್ಕೆ ತಿರುಗಿಸಿ, ಸಾಮಾನು ಕಟ್ಟಿಕೊಂಡು ಹೊರಟೆ. ಒಂಬತ್ತೂವರೆ ಆಗಿತ್ತು, ಮಳೆ ಬೇರೆ.

ಬೆಳಿಗ್ಗೆ ಏಳಕ್ಕೆ ಫೋನ್.

"ತಮ್ಮಾ, ಹಾಲು ಗಟ್ಟಿ ತಂಪಾಗದೆ. ಆದ್ರೆ ರಾತ್ರಿ ಎರಡು ಸಲ ಎದ್ದೆ, ಲೈಟು ಹೊತ್ಲೇ ಇಲ್ಲ."

ಅರ್ಧ ನಿಮಿಷ ಏನೂ ಹೊಳೆಯಲಿಲ್ಲ. ಆಮೇಲೆ ನೆನಪಾಯಿತು.

"ಅಕ್ಕೋರೇ, ಸೆನ್ಸರ್ ಮೇಲೆ ಏನಾದ್ರೂ ಅಂಟ್ಕೊಂಡದಾ ನೋಡಿ."

"ಬಿಸ್ಕೀಟ್ ಡಬ್ಬಿ ರಟ್ಟು. ಅದು ನೀನೇ ಹಚ್ಚಿದ್ದಲ್ವಾ? ಬೇಕಾಗಿರ್ತದೆ ಅಂತ ನಾ ಮುಟ್ಲಿಲ್ಲ."